ಎಕರೆಗೆ ಎಷ್ಟು ಲೀಟರ್? ಕೊಡಗಿನ ಗದ್ದೆಯ ಡೀಸೆಲ್ ಲೆಕ್ಕ

ಪ್ರಶ್ನೆ: ನಮಗೆ ವಿರಾಜಪೇಟೆ ಹತ್ತಿರ 4 ಎಕರೆ ಗದ್ದೆ ಇದೆ. ಎಲ್ಲ ಹತ್ತು ಗುಂಟೆ ಆಸುಪಾಸಿನ ತುಂಡುಗಳು. ಟ್ರ್ಯಾಕ್ಟರ್ 42 ಎಚ್‌ಪಿ. ಮಳೆಗಾಲ ಶುರುವಾಗುವ ಮೊದಲು ಎರಡು ಸಲ ಕಲ್ಟಿವೇಟರ್, ಕೆಸರಿಗೆ ಎರಡು ಸಲ ರೋಟವೇಟರ್, ಆಮೇಲೆ ಮಟ್ಟ ಮಾಡುತ್ತೇವೆ. ಕುಶಾಲನಗರದ ಕಡೆ ಇರುವ ಭಾವ ಎಕರೆಗೆ 5 ಲೀಟರ್ ಸಾಕು ಅಂತಾರೆ. ನಮ್ಮ ಹೋದ ವರ್ಷದ ಬಿಲ್ಲು ಕೂಡಿಸಿದರೆ ಎಕರೆಗೆ 25 ಲೀಟರ್ ದಾಟಿದೆ. ತುಂಡು ಗದ್ದೆಯಲ್ಲಿ ತಿರುಗಿಸಿ ತಿರುಗಿಸಿಯೇ ಡೀಸೆಲ್ ಹೋಗುತ್ತಾ, ಅಥವಾ ಟ್ರ್ಯಾಕ್ಟರ್‌ನಲ್ಲೇ ತೊಂದರೆನಾ? ಈ ಸಲ ಎಷ್ಟು ದುಡ್ಡು ಎತ್ತಿಡಬೇಕು? ಪಕ್ಕದವರ ಗದ್ದೆ ಉತ್ತು ಕೊಟ್ಟರೆ ಡೀಸೆಲ್ ಹೇಗೆ ಲೆಕ್ಕ ಹಾಕಬೇಕು?

ಉತ್ತರ: ನಿಮ್ಮ ಟ್ರ್ಯಾಕ್ಟರ್ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ನಿಮ್ಮ ಭಾವ ಹೇಳಿದ್ದೂ ಸುಳ್ಳಲ್ಲ. ನೀವಿಬ್ಬರೂ ಹೇಳುತ್ತಿರುವುದು ಬೇರೆ ಬೇರೆ ಕೆಲಸದ ಲೆಕ್ಕ. ಕುಶಾಲನಗರದ ಕಡೆ ಜೋಳಕ್ಕೋ ಶುಂಠಿಗೋ ಹೊಲ ಹದ ಮಾಡುವಾಗ, ಒಣಗಿದ ಸಮತಟ್ಟು ಜಾಗದಲ್ಲಿ ಕಲ್ಟಿವೇಟರ್ ಎರಡು ಸಲ ಹೊಡೆದರೆ ಎಕರೆಗೆ ಐದಾರು ಲೀಟರ್‌ನಲ್ಲಿ ಮುಗಿಯಬಹುದು. ನೀವು ಹೇಳುವ 25 ಲೀಟರ್ ಇಡೀ ಹಂಗಾಮಿನದು. ಐದು ಕೆಲಸ, ಅದರಲ್ಲಿ ಮೂರು ಕೆಸರಿನಲ್ಲಿ. ಹಾಗಾಗಿ ಯಾರಾದರೂ ಎಕರೆಗೆ ಇಷ್ಟು ಲೀಟರ್ ಅಂದರೆ ಮೊದಲು ಕೇಳಬೇಕಾದ್ದು, ಯಾವ ಉಪಕರಣ, ಎಷ್ಟು ಸಲ, ನೆಲ ಒಣಗಿತ್ತಾ ನೆನೆದಿತ್ತಾ ಅಂತ. ಅಷ್ಟು ಹೇಳದಿದ್ದರೆ ಆ ಅಂಕಿಯಿಂದ ಬಜೆಟ್ ಮಾಡಲು ಆಗುವುದಿಲ್ಲ.

ತುಂಡು ಗದ್ದೆಯ ಮೇಲೆ ನಿಮಗೆ ಇರುವ ಅನುಮಾನ ಅರ್ಧ ಸರಿ. ತಿರುಗಿಸುವುದು ಸಮಯವನ್ನು ತುಂಬಾ ತಿನ್ನುತ್ತದೆ. ಡೀಸೆಲನ್ನು ಅಷ್ಟು ತಿನ್ನುವುದಿಲ್ಲ. ಇದನ್ನು ಲೆಕ್ಕ ಹಾಕಿಯೇ ನೋಡೋಣ.

ನಿಮ್ಮ ಕಲ್ಟಿವೇಟರ್ 2 ಮೀಟರ್ ಅಗಲ ಇದೆ ಎಂದುಕೊಳ್ಳಿ. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಹತ್ತಿಸಿಯೇ ಹೊಡೆಯುತ್ತೀರಿ, ಹಾಗಾಗಿ ನಿಜವಾಗಿ ಸಿಗುವ ಅಗಲ 1.8 ಮೀಟರ್. ಒಂದು ಎಕರೆ ಅಂದರೆ 4047 ಚದರ ಮೀಟರ್. ಅದನ್ನು 1.8ರಿಂದ ಭಾಗಿಸಿದರೆ ಸುಮಾರು 2250 ಮೀಟರ್. ಅಂದರೆ ಒಂದು ಎಕರೆ ಉಳಲು ಟ್ರ್ಯಾಕ್ಟರ್ ಎರಡೂಕಾಲು ಕಿಲೋಮೀಟರ್ ಎಳೆಯಲೇಬೇಕು. ಗದ್ದೆ ತುಂಡಾಗಿದ್ದರೂ ಇಷ್ಟೇ, ಉದ್ದವಾಗಿದ್ದರೂ ಇಷ್ಟೇ. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಇದಕ್ಕೆ 34 ನಿಮಿಷ ಬೇಕು.

42 ಎಚ್‌ಪಿ ಎಂಜಿನ್ ಪೂರ್ತಿ ಭಾರದಲ್ಲಿ ದುಡಿದರೆ ಗಂಟೆಗೆ 8ರಿಂದ 9 ಲೀಟರ್ ಕುಡಿಯುತ್ತದೆ. ಒಣ ನೆಲದಲ್ಲಿ ಕಲ್ಟಿವೇಟರ್ ಎಳೆಯಲು ಅದರ ಅರ್ಧ ಶಕ್ತಿ ಸಾಕು. ಗಂಟೆಗೆ ನಾಲ್ಕೂವರೆ ಲೀಟರ್ ಅಂತ ಇಟ್ಟುಕೊಳ್ಳೋಣ. 34 ನಿಮಿಷಕ್ಕೆ ಎರಡೂವರೆ ಲೀಟರ್ ಆಯಿತು. ಇದು ಎಳೆಯುವುದಕ್ಕೆ ಮಾತ್ರ.

ಈಗ ತಿರುಗುವುದು. ಬದುವಿನ ಹತ್ತಿರ ಕಲ್ಟಿವೇಟರ್ ಎತ್ತಿ, ತಿರುಗಿಸಿ, ಬೇಕಾದರೆ ಒಮ್ಮೆ ರಿವರ್ಸ್ ತೆಗೆದು ಮತ್ತೆ ಇಳಿಸುವುದಕ್ಕೆ 25 ಸೆಕೆಂಡ್ ಹಿಡಿಯುತ್ತದೆ ಎನ್ನಿ. ಆಗ ಭಾರ ಇರುವುದಿಲ್ಲ, ಆಕ್ಸಿಲರೇಟರ್ ಇಳಿಸಿದ್ದರೆ ಗಂಟೆಗೆ 2 ಲೀಟರ್‌ನಷ್ಟೇ ಖರ್ಚು. ಸಾಲು 100 ಮೀಟರ್ ಉದ್ದ ಇದ್ದರೆ ಎಕರೆಗೆ 22 ಸಲ ತಿರುಗಬೇಕು. ಅದಕ್ಕೆ 9 ನಿಮಿಷ, 0.3 ಲೀಟರ್. ಸಾಲು 25 ಮೀಟರ್ ಆದರೆ 90 ಸಲ. ಅದಕ್ಕೆ 37 ನಿಮಿಷ, ಒಂದೂಕಾಲು ಲೀಟರ್. ಒಟ್ಟು ನೋಡಿ: ಉದ್ದದ ಹೊಲದಲ್ಲಿ ಎಕರೆಗೆ 43 ನಿಮಿಷ, 2.8 ಲೀಟರ್. ತುಂಡು ಗದ್ದೆಯಲ್ಲಿ 71 ನಿಮಿಷ, 3.75 ಲೀಟರ್. ಸಮಯ ಒಂದೂವರೆ ಪಟ್ಟು ದಾಟಿತು. ಡೀಸೆಲ್ ಜಾಸ್ತಿಯಾಗಿದ್ದು ಒಂದು ಲೀಟರ್‌ಗಿಂತ ಕಡಿಮೆ.

ಗಂಟೆ ಲೆಕ್ಕದಲ್ಲಿ ಬಾಡಿಗೆ ಟ್ರ್ಯಾಕ್ಟರ್ ಕರೆಸುವವರಿಗೆ ತುಂಡು ಗದ್ದೆ ದುಬಾರಿ, ಅದು ನಿಜ. ಸ್ವಂತ ಟ್ರ್ಯಾಕ್ಟರ್ ಇರುವ ನಿಮ್ಮ ಡೀಸೆಲ್ ಬಿಲ್ಲಿಗೆ ಅದು ಮುಖ್ಯ ಕಾರಣ ಅಲ್ಲ. ಇಷ್ಟು ಮಾಡಿದರೆ ಸಾಕು: ಗದ್ದೆಯ ಉದ್ದಕ್ಕೇ ಸಾಲು ಹೊಡೆಯಿರಿ, ಅಗಲಕ್ಕಲ್ಲ. ತಿರುಗುವಾಗ ಆಕ್ಸಿಲರೇಟರ್ ಇಳಿಸಿ.

ಹಾಗಾದರೆ ಡೀಸೆಲ್ ಹೋಗುವುದು ಎಲ್ಲಿ? ಒಂದು, ಎಷ್ಟು ಸಲ ಉಳುತ್ತೀರಿ ಅನ್ನುವುದರಲ್ಲಿ. ಇನ್ನೊಂದು, ಒದ್ದೆ ನೆಲದಲ್ಲಿ ಚಕ್ರ ಜಾರುವುದರಲ್ಲಿ.

ಮೊದಲು ರೋಟವೇಟರ್ ನೋಡಿ. ಒಂದೂವರೆ ಮೀಟರ್ ರೋಟವೇಟರ್‌ನಲ್ಲಿ ಹತ್ತಿಸಿ ಹೊಡೆಯುವುದನ್ನು ಕಳೆದರೆ 1.35 ಮೀಟರ್ ಸಿಗುತ್ತದೆ. ಎಕರೆಗೆ 3 ಕಿಲೋಮೀಟರ್ ಓಡಬೇಕು. ಗಂಟೆಗೆ 3 ಕಿಲೋಮೀಟರ್ ವೇಗ ಅಂದರೆ ಸರಿಯಾಗಿ ಒಂದು ಗಂಟೆ. ಮಣ್ಣು ಕೊಚ್ಚುವ ಕೆಲಸಕ್ಕೆ ಶಕ್ತಿ ಜಾಸ್ತಿ ಬೇಕು, ಗಂಟೆಗೆ ಐದೂವರೆ ಲೀಟರ್ ಹಿಡಿಯೋಣ. ಸಾಲು 40 ಮೀಟರ್ ಇದ್ದರೆ 75 ತಿರುವು, ಅದಕ್ಕೆ ಅರ್ಧ ಗಂಟೆ. ತಿರುಗುವಾಗಲೂ ಪಿಟಿಒ ಓಡುತ್ತಿದ್ದರೆ ಗಂಟೆಗೆ ಎರಡೂವರೆ ಲೀಟರ್, ಅಂದರೆ ಇನ್ನೊಂದು 1.3 ಲೀಟರ್. ಒಟ್ಟು ಎಕರೆಗೆ ಒಂದು ಸಲಕ್ಕೆ 6.8 ಲೀಟರ್. ಒಂದು ಸಲದ ಕಲ್ಟಿವೇಟರ್ ಉಳುಮೆಯ ಎರಡರಷ್ಟು. ಅದನ್ನು ನೀವು ಎರಡು ಸಲ ಮಾಡುತ್ತೀರಿ. ನಿಮ್ಮ 25 ಲೀಟರ್‌ನಲ್ಲಿ ಅರ್ಧ ಹೋಗಿರುವುದು ಇಲ್ಲೇ.

ಎರಡನೇ ಸಲದ ರೋಟವೇಟರ್ ಬೇಕೇ ಬೇಕಾ ಅನ್ನುವುದನ್ನು ಗದ್ದೆಯಲ್ಲೇ ನಿಂತು ತೀರ್ಮಾನಿಸಬೇಕು. ನೀರು ಕಟ್ಟಿ ಮೊದಲ ಸಲ ಹೊಡೆದ ಮೇಲೆ ಎರಡು ಮೂರು ದಿನ ಬಿಡಿ. ಹೆಂಟೆ ನೆನೆದು ಕರಗಲಿ, ಹುಲ್ಲು ಕೊಳೆಯಲು ಶುರುವಾಗಲಿ. ಆಮೇಲೆ ಗದ್ದೆಗೆ ಇಳಿದು ಕಾಲಿನಿಂದ ತಡಕಿ ನೋಡಿ. ಗಟ್ಟಿ ಹೆಂಟೆ ಸಿಗದಿದ್ದರೆ, ಅಗೆ ಊರಲು ಬೆರಳು ಸಲೀಸಾಗಿ ಇಳಿದರೆ, ಆ ತುಂಡಿಗೆ ಮಟ್ಟ ಹೊಡೆಯುವ ಹಲಗೆ ಸಾಕು. ಎಲ್ಲ ತುಂಡಿಗೂ ಕಣ್ಣು ಮುಚ್ಚಿ ಎರಡು ಸಲ ಹೊಡೆಯುವುದು ಬೇಡ. ಮೊದಲ ದಿನವೇ ಎರಡೂ ಸಲ ಮುಗಿಸಿದರೆ ಡೀಸೆಲ್ ಸುಟ್ಟು ಹೆಂಟೆ ಒಡೆಯಬೇಕು. ನಡುವೆ ದಿನ ಬಿಟ್ಟರೆ ಆ ಕೆಲಸದ ಒಂದು ಪಾಲನ್ನು ನೀರೇ ಮಾಡುತ್ತದೆ.

ಆಳದ ವಿಷಯವೂ ಇಲ್ಲಿ ಬರುತ್ತದೆ. ಭತ್ತದ ಕೆಸರಿಗೆ 10ರಿಂದ 15 ಸೆಂಟಿಮೀಟರ್ ಆಳ ಸಾಕು. ಅದಕ್ಕಿಂತ ಕೆಳಗೆ ಇಳಿಸಿದರೆ ಎಂಜಿನ್‌ಗೆ ಭಾರ ಏರುತ್ತದೆ, ಅಷ್ಟೇ ಅಲ್ಲ, ಅಡಿಯಲ್ಲಿ ಕಟ್ಟಿರುವ ಗಟ್ಟಿ ಪದರ ಒಡೆಯುತ್ತದೆ. ನೀರು ನಿಲ್ಲಿಸುವುದೂ ಆ ಪದರ, ಟ್ರ್ಯಾಕ್ಟರ್ ಹೊರುವುದೂ ಆ ಪದರ. ಒಮ್ಮೆ ಅದು ಒಡೆದ ಕಡೆ ಮುಂದಿನ ವರ್ಷವೂ ಚಕ್ರ ಹೂತುಕೊಳ್ಳುತ್ತದೆ.

ಇನ್ನು ಚಕ್ರ ಜಾರುವುದು. ಟಯರ್ ಸುತ್ತುತ್ತಿದ್ದರೂ ಟ್ರ್ಯಾಕ್ಟರ್ ಅಷ್ಟು ಮುಂದೆ ಹೋಗದಿದ್ದರೆ ಅದೇ ಸ್ಲಿಪ್. ರೋಟವೇಟರ್ ಹೊಡೆಯುವಾಗ ಇದು ಕಡಿಮೆ, ಯಾಕೆಂದರೆ ಸುತ್ತುವ ಬ್ಲೇಡುಗಳು ಮಣ್ಣನ್ನು ಹಿಂದಕ್ಕೆ ಒದ್ದು ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತವೆ. ಕಲ್ಟಿವೇಟರ್ ಬರೀ ಹಿಂದಕ್ಕೆ ಎಳೆಯುತ್ತದೆ. ಮೇ ಕೊನೆಯಲ್ಲಿ ನಾಲ್ಕು ಮಳೆ ಬಿದ್ದು ನೆಲ ಮೇಲೆ ಮೆತ್ತಗಾದಾಗ ಎರಡನೇ ಸಲ ಕಲ್ಟಿವೇಟರ್ ಹೊಡೆಯುತ್ತೀರಲ್ಲ, ಆಗ ಸ್ಲಿಪ್ ಏರುತ್ತದೆ.

ಅಳೆಯುವುದು ಸುಲಭ. ಹಿಂದಿನ ಟಯರ್ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಕಲ್ಟಿವೇಟರ್ ಎತ್ತಿಕೊಂಡು, ಟಯರ್ ಐದು ಸುತ್ತು ಸುತ್ತಿದಾಗ ಎಷ್ಟು ದೂರ ಹೋದಿರಿ ಎಂದು ಟೇಪ್ ಹಿಡಿದು ನೋಡಿ. ಈಗ ಅದೇ ಗದ್ದೆಯಲ್ಲಿ ಕಲ್ಟಿವೇಟರ್ ಇಳಿಸಿ, ಉಳುತ್ತಾ ಮತ್ತೆ ಐದು ಸುತ್ತು ಹೋಗಿ. ಎತ್ತಿದಾಗ 19.5 ಮೀಟರ್, ಇಳಿಸಿದಾಗ 16.5 ಮೀಟರ್ ಬಂದರೆ ಸ್ಲಿಪ್ ಸುಮಾರು 15 ಪರ್ಸೆಂಟ್. ಇದು ಪರವಾಗಿಲ್ಲ. ಇಳಿಸಿದಾಗ ದೂರ 12.7 ಮೀಟರ್‌ಗೆ ಇಳಿದರೆ ಸ್ಲಿಪ್ 35 ಪರ್ಸೆಂಟ್. ಆಗ ಅದೇ ಎಕರೆಗೆ, 15 ಪರ್ಸೆಂಟ್ ಸ್ಲಿಪ್‌ಗೆ ಹೋಲಿಸಿದರೆ, ಚಕ್ರ ಸುಮಾರು 30 ಪರ್ಸೆಂಟ್ ಹೆಚ್ಚು ಸುತ್ತಬೇಕು. ಎಳೆಯುವ ಸಮಯ ಅಷ್ಟೇ ಹೆಚ್ಚುತ್ತದೆ, ಡೀಸೆಲ್ಲೂ ಹೆಚ್ಚುಕಡಿಮೆ ಹಾಗೆಯೇ. ತಿರುವಿನಲ್ಲಿ ಕಳೆದುಕೊಳ್ಳುವಷ್ಟನ್ನು ಇಲ್ಲಿ ಗೊತ್ತೇ ಆಗದಂತೆ ಕಳೆದುಕೊಳ್ಳುತ್ತೀರಿ.

ಟೇಪ್ ಇಲ್ಲದಿದ್ದರೂ ಗುರುತು ಸಿಗುತ್ತದೆ. ಟಯರ್ ಹೋದ ಜಾಡಿನಲ್ಲಿ ಹಲ್ಲಿನ ಅಚ್ಚು ಸ್ಪಷ್ಟವಾಗಿ ಬಿದ್ದಿದ್ದರೆ ಸರಿ ಇದೆ. ಅಚ್ಚು ಪೂರ್ತಿ ಅಳಿಸಿ, ಜಾಡು ನುಣ್ಣಗೆ ಉಜ್ಜಿದಂತೆ ಕಂಡರೆ ಚಕ್ರ ಜಾಸ್ತಿ ಜಾರುತ್ತಿದೆ. ಆಗ ಆಳ ಸ್ವಲ್ಪ ಕಡಿಮೆ ಮಾಡಿ, ಇಲ್ಲವೇ ಎರಡು ದಿನ ಮಳೆ ಬಿಡುವ ತನಕ ಕಾಯಿರಿ. ನೀರು ಕಟ್ಟಿದ ಗದ್ದೆಗೆ ಇಳಿಯುವಾಗ ಕೇಜ್ ವೀಲ್ ಹಾಕುವುದು ಇದಕ್ಕೇ. ಅದನ್ನು ಗದ್ದೆ ಹತ್ತಿರವೇ ಜೋಡಿಸಬೇಕು, ಡಾಂಬರು ರಸ್ತೆ ಮೇಲೆ ಅದನ್ನು ಹಾಕಿಕೊಂಡು ಓಡಿಸುವಂತಿಲ್ಲ. ಜೋಡಿಸುವ ಬೇಸರಕ್ಕೆ ಬರೀ ಟಯರ್‌ನಲ್ಲಿ ಕೆಸರಿಗೆ ಇಳಿದರೆ ಹೂತ ಟ್ರ್ಯಾಕ್ಟರ್ ಎಬ್ಬಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಎಂಜಿನ್ ಸರಿ ಇದೆಯಾ ಅನ್ನುವುದಕ್ಕೆ ಹೊಗೆ ನೋಡಿ. ಭಾರ ಬಿದ್ದ ಕ್ಷಣ ಸ್ವಲ್ಪ ಕಪ್ಪು ಹೊಗೆ ಬಂದು ತಿಳಿಯಾದರೆ ಚಿಂತೆ ಇಲ್ಲ. ಸಾಲಿನ ಉದ್ದಕ್ಕೂ ಕಪ್ಪು ಹೊಗೆ ಬರುತ್ತಿದ್ದರೆ ಒಂದೋ ಭಾರ ಜಾಸ್ತಿ ಆಗಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಮೊದಲು ಒಂದು ಗೇರ್ ಇಳಿಸಿ ನೋಡಿ. ಹಾಗೂ ನಿಲ್ಲದಿದ್ದರೆ ಫಿಲ್ಟರ್ ಬಿಚ್ಚಿ. ಕಲ್ಟಿವೇಟರ್‌ನಂಥ ಹಗುರ ಎಳೆತಕ್ಕೆ ಇದರ ತಿರುಗುಮುರುಗು ಉಪಾಯ ಇದೆ: ಒಂದು ಗೇರ್ ಏರಿಸಿ ಆಕ್ಸಿಲರೇಟರ್ ಇಳಿಸಿ. ವೇಗ ಅಷ್ಟೇ ಇರುತ್ತದೆ, ಎಂಜಿನ್ ನಿಧಾನ ಸುತ್ತುತ್ತದೆ, ಡೀಸೆಲ್ ಕಡಿಮೆ ಸಾಕು. ರೋಟವೇಟರ್‌ಗೆ ಹೀಗೆ ಮಾಡಬಾರದು. ಅದಕ್ಕೆ ಪಿಟಿಒ ನಿಮಿಷಕ್ಕೆ 540 ಸುತ್ತು ಬೇಕು. ಅದು ಬರುವ ಎಂಜಿನ್ ವೇಗವನ್ನು ಮೀಟರ್‌ನಲ್ಲಿ ಗುರುತು ಮಾಡಿರುತ್ತಾರೆ, ಮುಳ್ಳು ಅಲ್ಲೇ ಇರಲಿ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ನಿಮ್ಮ ಗದ್ದೆಯ ಸಾಲು ಸರಾಸರಿ 40 ಮೀಟರ್ ಎಂದುಕೊಂಡು ಎಕರೆಗೆ ಹೀಗೆ ಹಿಡಿಯುತ್ತೇನೆ. ಮೊದಲ ಕಲ್ಟಿವೇಟರ್ 3.5 ಲೀಟರ್. ಎರಡನೆಯದು, ಮಣ್ಣು ಸಡಿಲ ಆಗಿರುವುದರಿಂದ, 3. ಮೊದಲ ರೋಟವೇಟರ್ 7, ಎರಡನೆಯದು 6. ಮಟ್ಟ ಮಾಡಲು 2. ಒಟ್ಟು 21.5 ಲೀಟರ್. 4 ಎಕರೆಗೆ 86 ಲೀಟರ್. ಶೆಡ್ಡಿನಿಂದ ಗದ್ದೆಗೆ ಹೋಗಿಬರುವುದು ದಿನಕ್ಕೆ ನಾಲ್ಕು ಕಿಲೋಮೀಟರ್ ಆದರೆ ಒಂದು ಲೀಟರ್ ಇಡಿ, ಏಳು ದಿನದ ಕೆಲಸಕ್ಕೆ 7 ಲೀಟರ್. 93 ಆಯಿತು. ಇದರ ಮೇಲೆ ಮಳೆಗೆಂದು 15 ಪರ್ಸೆಂಟ್ ಸೇರಿಸಿ. ಜುಲೈ ಮಳೆಯಲ್ಲಿ ಅರ್ಧಕ್ಕೆ ನಿಲ್ಲಿಸಿ ವಾಪಸ್ ಬರುವುದು, ಒಂದು ತುಂಡಿಗೆ ಮತ್ತೊಂದು ಸಲ ಹೊಡೆಯುವುದು, ಹೂತು ಒದ್ದಾಡುವುದು ಇದರಲ್ಲಿ ಬಂತು. ಒಟ್ಟು 107 ಲೀಟರ್. ಲೆಕ್ಕಕ್ಕೆ ಲೀಟರ್‌ಗೆ 92 ರೂಪಾಯಿ ಹಿಡಿದರೆ 9,844 ರೂಪಾಯಿ. ನಿಮ್ಮ ಬಂಕಿನ ದರ ಬೇರೆ ಇದ್ದರೆ ಅದನ್ನು ಹಾಕಿಕೊಳ್ಳಿ. ಹತ್ತು ಸಾವಿರ ಎತ್ತಿಡಿ ಅನ್ನುವುದು ನನ್ನ ಸಲಹೆ. 107 ಲೀಟರನ್ನು ನಾಲ್ಕರಿಂದ ಭಾಗಿಸಿದರೆ ಎಕರೆಗೆ 26.75 ಬರುತ್ತದೆ. ನಿಮ್ಮ ಬಿಲ್ಲಿನ ಲೆಕ್ಕಕ್ಕೆ ಅದು ಹತ್ತಿರವೇ ಇದೆ, ಅಲ್ವಾ? ಟ್ರ್ಯಾಕ್ಟರ್ ಮೇಲೆ ಅನುಮಾನ ಬೇಡ ಅಂದಿದ್ದು ಅದಕ್ಕೇ.

ಆದರೆ ಇವು ಕಾಗದದ ಮೇಲಿನ ಅಂಕಿ. ನಿಮ್ಮ ಮಣ್ಣಿನಲ್ಲಿ ನಿಮ್ಮ ಟ್ರ್ಯಾಕ್ಟರ್ ಎಷ್ಟು ಕುಡಿಯುತ್ತದೆ ಅನ್ನುವುದನ್ನು ಒಮ್ಮೆ ಅಳೆದರೆ ಈ ಲೆಕ್ಕಕ್ಕೆ ಬಲ ಬರುತ್ತದೆ. ಶೆಡ್ಡಿನಲ್ಲಿ ಸಮತಟ್ಟಾದ ಒಂದು ಜಾಗ ನೋಡಿ, ನಾಲ್ಕೂ ಚಕ್ರ ನಿಲ್ಲುವ ಕಡೆ ಗುರುತು ಹಾಕಿ. ಅಲ್ಲೇ ನಿಲ್ಲಿಸಿ ಟ್ಯಾಂಕನ್ನು ಕತ್ತಿನ ತನಕ ತುಂಬಿಸಿ. ನಿಧಾನ ತುಂಬಿಸಬೇಕು, ನೊರೆ ಇಳಿದ ಮೇಲೆ ಮತ್ತೆ ನೋಡಬೇಕು. ಕೆಲಸ ಮುಗಿಸಿ ಬಂದು ಅದೇ ಗುರುತಿನ ಮೇಲೆ ನಿಲ್ಲಿಸಿ, ಅಳತೆಯ ಪಾತ್ರೆಯಿಂದ ಮತ್ತೆ ಕತ್ತಿನ ತನಕ ತುಂಬಿಸಿ. ಎಷ್ಟು ಹಿಡಿಯಿತೋ ಅಷ್ಟು ಖರ್ಚು. ಟ್ರ್ಯಾಕ್ಟರ್ ಸ್ವಲ್ಪ ವಾಲಿ ನಿಂತರೂ ಟ್ಯಾಂಕಿನ ಮಟ್ಟ ಬದಲಾಗಿ ಲೆಕ್ಕ ಲೀಟರ್‌ಗಟ್ಟಲೆ ತಪ್ಪಬಹುದು. ಅದಕ್ಕೇ ಒಂದು ಎಕರೆಗಿಂತ ಕಡಿಮೆ ಕೆಲಸಕ್ಕೆ ಅಳೆಯಬೇಡಿ, ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಶೆಡ್ಡಿನಿಂದ ಹೋಗಿಬಂದ ದಾರಿಯ ಒಂದು ಲೀಟರನ್ನು ಕಳೆಯಲು ಮರೆಯಬೇಡಿ.

ಎಕರೆಯ ಅಳತೆಯಲ್ಲೂ ಜನ ಎಡವುತ್ತಾರೆ. ಪಹಣಿಯಲ್ಲಿ ಇರುವ ವಿಸ್ತೀರ್ಣದಲ್ಲಿ ಬದು, ಹಳ್ಳದ ಅಂಚು, ಖರಾಬು ಎಲ್ಲ ಸೇರಿರಬಹುದು. ನೀವು ಉಳುವುದು ಅದಕ್ಕಿಂತ ಕಡಿಮೆ. ಮೊಬೈಲ್ ಹಿಡಿದು ಸುತ್ತು ಬಂದು ಅಳೆಯುವುದು ದೊಡ್ಡ ಹೊಲಕ್ಕೆ ಸರಿ. ಇಪ್ಪತ್ತು ಮೀಟರ್ ಅಗಲದ ತುಂಡಿನಲ್ಲಿ ಎರಡು ಮೂರು ಮೀಟರ್ ಆಚೀಚೆ ಆದರೂ ಲೆಕ್ಕ ಕೆಡುತ್ತದೆ. ಒಂದು ಎಕರೆ ಆಗುವಷ್ಟು ತುಂಡುಗಳನ್ನು ಆರಿಸಿ ಟೇಪ್‌ನಲ್ಲಿ ಅಳೆದು ಬರೆದಿಡಿ. ಒಮ್ಮೆ ಅಳೆದರೆ ಪ್ರತಿ ವರ್ಷಕ್ಕೂ ಆಯಿತು.

ಸಮಯವನ್ನು ಕೈಗಡಿಯಾರದಲ್ಲಿ ನೋಡಿ. ಹಳೆಯ ಟ್ರ್ಯಾಕ್ಟರ್‌ಗಳ ಅವರ್ ಮೀಟರ್ ಎಂಜಿನ್ ಸುತ್ತನ್ನು ಎಣಿಸಿ ಗಂಟೆ ತೋರಿಸುತ್ತದೆ. ಎಂಜಿನ್ ನಿಧಾನ ಓಡಿದರೆ ಅದರ ಒಂದು ಗಂಟೆ ನಿಜವಾದ ಒಂದು ಗಂಟೆಗಿಂತ ಉದ್ದ. ಮೀಟರ್ ನೋಡಿ ಗಂಟೆಗೆ ಇಷ್ಟು ಲೀಟರ್ ಅಂದರೆ ನಿಜಕ್ಕಿಂತ ಜಾಸ್ತಿ ಕುಡಿದಂತೆ ಕಾಣುತ್ತದೆ.

ಮೂರು ಕೆಲಸಕ್ಕೆ ಬೇರೆ ಬೇರೆ ಅಳೆದರೆ ಸಾಕು: ಒಣ ನೆಲದ ಕಲ್ಟಿವೇಟರ್, ಮೊದಲ ಕೆಸರು, ಎರಡನೇ ಕೆಸರು. ಕಲ್ಟಿವೇಟರ್‌ಗೆ ನಾನು ಹೇಳಿದ 3.5ರ ಬದಲು ನಿಮಗೆ 4.4 ಬಂದರೆ, ಎರಡನೇ ಸಲದ ಕಲ್ಟಿವೇಟರ್ ಅಂಕಿಯನ್ನೂ ಅದೇ ಪ್ರಮಾಣದಲ್ಲಿ ಕಾಲು ಭಾಗ ಏರಿಸಿ. ರೋಟವೇಟರ್ ಅಂಕಿಯನ್ನು ಹಾಗೆ ಏರಿಸಬೇಡಿ. ಎಳೆಯುವುದು ಬೇರೆ, ಕೊಚ್ಚುವುದು ಬೇರೆ. ಸವೆದ ಬ್ಲೇಡು, ಒದ್ದೆ ಹುಲ್ಲು ಸುತ್ತಿಕೊಂಡ ರೋಟರ್, ಇವು ರೋಟವೇಟರ್ ಖರ್ಚನ್ನು ಏರಿಸುತ್ತವೆ, ಕಲ್ಟಿವೇಟರ್‌ಗೂ ಅದಕ್ಕೂ ಸಂಬಂಧ ಇಲ್ಲ. ಒಂದು ನೋಟ್‌ಬುಕ್‌ನಲ್ಲಿ ದಿನ, ತುಂಡು, ಉಪಕರಣ, ಗೇರ್, ಸಮಯ, ಲೀಟರ್, ನೆಲ ಹೇಗಿತ್ತು ಅಂತ ಬರೆದಿಡಿ. ಮುಂದಿನ ವರ್ಷದ ಬಜೆಟ್‌ಗೆ ನನ್ನ ಅಂಕಿ ಬೇಕಾಗುವುದಿಲ್ಲ.

ಕ್ಯಾನಿನಲ್ಲಿ ಡೀಸೆಲ್ ತಂದಿಡುವವರು ನೀವಾದರೆ ಒಂದು ಮಾತು. ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ಕ್ಯಾನ್ ಮುಚ್ಚಳ ತೆಗೆದು ತುಂಬಿಸುವಾಗ ನೀರು ಸೇರುತ್ತದೆ. ನೀರು ಸೇರಿದ ಡೀಸೆಲ್ ಪಂಪನ್ನೂ ಇಂಜೆಕ್ಟರನ್ನೂ ಹಾಳು ಮಾಡುತ್ತದೆ, ಆ ರಿಪೇರಿ ಖರ್ಚಿನ ಮುಂದೆ ಇಡೀ ಹಂಗಾಮಿನ ಡೀಸೆಲ್ ದುಡ್ಡು ಏನೂ ಅಲ್ಲ. ಶೆಡ್ಡಿನಲ್ಲೇ ತುಂಬಿಸಿಕೊಂಡು ಹೋಗಿ. ಕ್ಯಾನಿನ ತಳದ ಕೊನೆಯ ಸ್ವಲ್ಪವನ್ನು ಟ್ಯಾಂಕಿಗೆ ಸುರಿಯಬೇಡಿ.

ಪಕ್ಕದವರ ಗದ್ದೆಗೆ ಹೋದಾಗ ಡೀಸೆಲನ್ನು ಎಕರೆ ಲೆಕ್ಕದಲ್ಲಿ ಹಿಡಿಯಬೇಡಿ, ಗಂಟೆ ಲೆಕ್ಕದಲ್ಲಿ ಹಿಡಿಯಿರಿ. ಅವರ ತುಂಡು ಎಷ್ಟು ಸಣ್ಣದು, ಕೆಸರು ಎಷ್ಟು ಆಳ ಅಂತ ನಿಮಗೆ ಮೊದಲೇ ಗೊತ್ತಿರುವುದಿಲ್ಲ. ಚಕ್ರ ಜಾರಿದರೆ ಎಕರೆಯ ಲೀಟರ್ ಸರ್ರನೆ ಏರುತ್ತದೆ. ಗಂಟೆಯ ಲೀಟರ್ ಅಷ್ಟು ಬದಲಾಗುವುದಿಲ್ಲ, ಯಾಕೆಂದರೆ ಜಾರಿದಷ್ಟೂ ಸಮಯವೂ ಏರಿರುತ್ತದೆ. ಮೇಲಿನ ಲೆಕ್ಕದಲ್ಲೇ ನೋಡಿ, ತಿರುವುಗಳೂ ಸೇರಿ ಕಲ್ಟಿವೇಟರ್‌ಗೆ ಗಂಟೆಗೆ ಮೂರೂವರೆ ಲೀಟರ್, ರೋಟವೇಟರ್‌ಗೆ ನಾಲ್ಕೂವರೆ ಲೀಟರ್ ಹತ್ತಿರ ಬರುತ್ತದೆ. ಗಂಟೆಯ ಬಾಡಿಗೆ ಕಟ್ಟುವಾಗ ಕಲ್ಟಿವೇಟರ್‌ಗೆ ನಾಲ್ಕು, ರೋಟವೇಟರ್‌ಗೆ ಐದು ಲೀಟರ್‌ನ ದುಡ್ಡು ಡೀಸೆಲ್‌ಗೆ ಅಂತ ಇಡಿ. ಚಾಲಕನ ಕೂಲಿ, ಬ್ಲೇಡು, ಎಣ್ಣೆ, ಟ್ರ್ಯಾಕ್ಟರ್ ಸವೆತ ಬೇರೆ. ನಿಮ್ಮ ಶೆಡ್ಡಿನಿಂದ ಅವರ ಗದ್ದೆಗೆ ಹೋಗಿಬರುವ ಡೀಸೆಲ್ ಯಾರದು ಅನ್ನುವುದನ್ನು ಟ್ರ್ಯಾಕ್ಟರ್ ಹೊರಡುವ ಮೊದಲೇ ಅವರ ಹತ್ತಿರ ಮಾತಾಡಿಕೊಳ್ಳಿ.